ಹಿಮ್ಮಡಿಯ ನಾಲ್ಕು ಹನಿ ರಕ್ತ, ಆಮೇಲೊಂದು ಫೋನ್

[ಮೇಜಿನ ಮೇಲೆ ಒಂದು ಕಾರ್ಡ್. ಅದರ ಅಂಚಿನ ದಪ್ಪ ಬಿಳಿ ಕಾಗದದಲ್ಲಿ ನಾಲ್ಕು ಖಾಲಿ ವೃತ್ತಗಳು.]

ನಮಸ್ಕಾರ. ಈ ಕಾರ್ಡ್ ನೋಡಿ. ಹೆರಿಗೆಯಾದ ಎರಡನೇ ದಿನವೋ ಮೂರನೇ ದಿನವೋ ಸಿಸ್ಟರ್ ಇದನ್ನು ಹಿಡಿದು ಬಂದು, ಮಗುವಿನ ಹಿಮ್ಮಡಿ ಚುಚ್ಚಿ, ಈ ವೃತ್ತಗಳಲ್ಲಿ ರಕ್ತ ತುಂಬಿಸಿಕೊಂಡು ಹೋಗುತ್ತಾರೆ. ನವಜಾತ ಶಿಶುವಿನ ಸ್ಕ್ರೀನಿಂಗ್ ಅಂದರೆ ಇದೇ. ನಾನು ಮಕ್ಕಳ ಡಾಕ್ಟರು. ಇದರ ಬಗ್ಗೆ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆಗಳನ್ನೇ ಇವತ್ತು ತೆಗೆದುಕೊಳ್ಳುತ್ತೇನೆ. ಹೊಕ್ಕುಳಬಳ್ಳಿಯ ರಕ್ತ ಕೂಡಿಡುತ್ತೇವೆ ಎಂದು ಬರುವ ಸ್ಕೀಮಿಗೂ ಇದಕ್ಕೂ ಸಂಬಂಧವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

"ಮಗು ಚೆನ್ನಾಗಿದೆ, ಹಾಲು ಕುಡಿಯುತ್ತಿದೆ. ಸುಮ್ನೆ ಯಾಕೆ ಚುಚ್ಚಬೇಕು?"

ಚೆನ್ನಾಗಿರುವಾಗಲೇ ಮಾಡುವ ಟೆಸ್ಟ್ ಇದು. ನಾವು ತಿಂದಿದ್ದನ್ನು ಒಡೆದು, ಬೇಕಾದ್ದನ್ನು ಇಟ್ಟುಕೊಂಡು, ಬೇಡದ್ದನ್ನು ಹೊರಗೆ ಹಾಕಲು ದೇಹದಲ್ಲಿ ನೂರಾರು ಎಂಜೈಮ್‌ಗಳಿವೆ. ಅದರಲ್ಲಿ ಒಂದು ಹುಟ್ಟಿನಿಂದಲೇ ಕೈಕೊಟ್ಟಿದ್ದರೆ ಅದು ಮೆಟಬಾಲಿಕ್ ಕಾಯಿಲೆ. ಹೊಟ್ಟೆಯೊಳಗೆ ಇರುವಷ್ಟು ದಿನ ಮಗುವಿಗೆ ಇದರ ಬಿಸಿ ತಟ್ಟುವುದಿಲ್ಲ. ಕೂಡಿಕೊಂಡ ಕಸವನ್ನು ಮಾಸಿನ ಮೂಲಕ ಅಮ್ಮನ ದೇಹವೇ ತೆಗೆದುಹಾಕುತ್ತಿರುತ್ತದೆ. ಹುಟ್ಟಿದ ಮೇಲೆ ಲೆಕ್ಕ ಶುರು. ಹಾಗಾಗಿ ಹುಟ್ಟಿದಾಗ ಮೂರು ಕೆಜಿ ಇದ್ದು, ಜೋರಾಗಿ ಅತ್ತ ಮಗುವಿಗೂ ಈ ಕಾಯಿಲೆ ಇರಬಹುದು.

"ಯಾವಾಗ ಮಾಡಿಸಬೇಕು? ಹುಟ್ಟಿದ ದಿನವೇ ಮಾಡಬಾರದಾ?"

48 ಗಂಟೆ ಕಳೆದ ಮೇಲೆ, 72 ಗಂಟೆಯೊಳಗೆ ಮಾಡಿಸಿದರೆ ಒಳ್ಳೆಯದು. ಕೆಲವು ಕಾಯಿಲೆಗಳಲ್ಲಿ ಹಾಲಿನ ಪ್ರೊಟೀನ್ ಒಳಗೆ ಹೋಗಿ, ಒಡೆಯದೆ ರಕ್ತದಲ್ಲಿ ಕೂಡಿಕೊಂಡ ಮೇಲಷ್ಟೇ ಟೆಸ್ಟಿನಲ್ಲಿ ಕಾಣುತ್ತದೆ. ಇದೇ ಕಾರ್ಡಿನಲ್ಲಿ ನೋಡುವ ಥೈರಾಯ್ಡ್ ಹಾರ್ಮೋನ್ ಮೊದಲ ದಿನ ಎಲ್ಲ ಮಕ್ಕಳಲ್ಲೂ ಏರಿರುತ್ತದೆ. ಆಗ ತೆಗೆದರೆ ಸುಮ್ನೆ ಗಾಬರಿ. 24 ಗಂಟೆಗೇ ಡಿಸ್ಚಾರ್ಜ್ ಮಾಡುತ್ತಾರೆ ಎಂದರೆ ಹೊರಡುವ ಮುಂಚೆ ಒಮ್ಮೆ ತೆಗೆಸಿ, ಆಮೇಲೆ ಬಂದು ಇನ್ನೊಮ್ಮೆ ಕೊಡಿ. ಮಗುವಿಗೆ ರಕ್ತ ಹಾಕಬೇಕಾಗಿ ಬಂದರೆ ಅದಕ್ಕೂ ಮೊದಲೇ ಕಾರ್ಡ್ ತೆಗೆಯಬೇಕು. ಇಲ್ಲದಿದ್ದರೆ ನಾವು ದಾನಿಯ ರಕ್ತಕ್ಕೆ ಟೆಸ್ಟ್ ಮಾಡಿದಂತಾಗುತ್ತದೆ.

[ಹತ್ತಿರದ ಚಿತ್ರ: ಹಿಮ್ಮಡಿಯ ಪಕ್ಕದ ಭಾಗ.]

ಹಿಮ್ಮಡಿಯ ನಡುವೆ ಚುಚ್ಚುವುದಿಲ್ಲ, ಅಲ್ಲಿ ಮೂಳೆ ಹತ್ತಿರ. ಪಕ್ಕದಲ್ಲಿ ಚುಚ್ಚುತ್ತಾರೆ, ಆಳ 2 ಮಿಲಿಮೀಟರ್ ದಾಟುವುದಿಲ್ಲ. ಮೊದಲ ಹನಿ ಒರೆಸಿಬಿಡುತ್ತಾರೆ. ಆಮೇಲೆ ಬರುವ ದೊಡ್ಡ ಹನಿಗೆ ಕಾಗದ ತಾಗಿಸುತ್ತಾರೆ. ಒಂದೇ ಹನಿ ವೃತ್ತ ತುಂಬಿ, ಕಾಗದದ ಹಿಂಬದಿಯಲ್ಲೂ ಅಷ್ಟೇ ಕಾಣಬೇಕು. ಹನಿಯ ಮೇಲೆ ಹನಿ ಹಾಕಿದರೆ, ಅಥವಾ ಕಾಲು ಹಿಂಡಿ ಹಿಂಡಿ ತೆಗೆದರೆ, ಲ್ಯಾಬ್ ಅದನ್ನು ವಾಪಸ್ ಕಳಿಸುತ್ತದೆ. ಆಗ ಇನ್ನೊಮ್ಮೆ ಚುಚ್ಚಬೇಕು. ಚುಚ್ಚುವಾಗ ಮಗುವಿಗೆ ಎದೆಹಾಲು ಕೊಡುತ್ತಿರಿ. ಅಳು ನಿಜವಾಗಿಯೂ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಮಗುವಿಗೆ ಇನ್ನೂ ಹೆಸರಿಟ್ಟಿರುವುದಿಲ್ಲ, ಕಾರ್ಡಿನಲ್ಲಿ "ಇಂಥವರ ಮಗು" ಎಂದಷ್ಟೇ ಇರುತ್ತದೆ. ಫೋನ್ ನಂಬರ್ ಜಾಗದಲ್ಲಿ ಅಪ್ಪನದು. ಅಮ್ಮ ಮಗು ಬಾಣಂತನಕ್ಕೆ ತವರಿಗೆ ಹೋಗಿರುತ್ತಾರೆ, ಅಪ್ಪ ಕೆಲಸದಲ್ಲಿ, ಗೊತ್ತಿಲ್ಲದ ನಂಬರಿನ ಕಾಲ್ ಎತ್ತುವುದಿಲ್ಲ. ದಿನಗಳು ಹೋಗುವುದು ಹೀಗೆಯೇ. ತವರಿನ ನಂಬರನ್ನೂ ಬರೆಸಿ.

"ಫೋನ್ ಬಂತು, 'ಪಾಸಿಟಿವ್' ಅಂದರು. ಮಗುವಿಗೆ ಕಾಯಿಲೆ ಇದೆ ಅಂತಲಾ?"

ಇನ್ನೂ ಗೊತ್ತಿಲ್ಲ ಅಂತ. ಇದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಕುಟುಂಬ ನಾನು ಕಟ್ಟಿದ್ದು, ಆದರೆ ನಡೆಯುವುದು ಹೀಗೆಯೇ.

ಏಪ್ರಿಲ್ ತಿಂಗಳು, ಮಂಡ್ಯ ಕಡೆಯ ಒಂದು ಆಸ್ಪತ್ರೆ. ಸೋಮವಾರ ಹುಟ್ಟಿದ ಹೆಣ್ಣುಮಗು. ಬುಧವಾರ ಕಾರ್ಡ್ ತೆಗೆದರು. ಮೂರ್ನಾಲ್ಕು ಗಂಟೆ ನೆರಳಿನಲ್ಲಿ ಒಣಗಿಸಿ ಕವರಿಗೆ ಹಾಕಿದರು. ಕೊರಿಯರ್‌ನವನು ಬಂದದ್ದು ಶುಕ್ರವಾರ. ಕಾರ್ಡ್ ಲ್ಯಾಬ್ ಸೇರಿದ್ದು ಮುಂದಿನ ಸೋಮವಾರ. ಬಯೋಟಿನಿಡೇಸ್ ಎಂಬ ಎಂಜೈಮ್ ಕಡಿಮೆ ಎಂದು ಬಂತು.

ಬಯೋಟಿನ್ ಒಂದು ಬಿ ವಿಟಮಿನ್. ದೇಹ ಅದನ್ನು ಬಳಸಿ ಬಿಸಾಡುವುದಿಲ್ಲ, ಬಿಡಿಸಿಕೊಂಡು ಮತ್ತೆ ಬಳಸುತ್ತದೆ. ಬಿಡಿಸುವ ಕೆಲಸ ಈ ಎಂಜೈಮಿನದು. ಅದಿಲ್ಲದಿದ್ದರೆ ವಿಟಮಿನ್ ಸೋರಿಹೋಗುತ್ತದೆ. ಸಾಮಾನ್ಯವಾಗಿ ಕೆಲವು ತಿಂಗಳಿಗೆ ಫಿಟ್ಸ್, ಮೈ ಮೆತ್ತಗಾಗುವುದು, ಬಾಯಿ ಕಣ್ಣಿನ ಸುತ್ತ ಕೆಂಪು ಗುಳ್ಳೆ, ಕೂದಲು ಉದುರುವುದು. ಕಿವಿ, ಕಣ್ಣಿನ ನರಕ್ಕೂ ಪೆಟ್ಟು. ಮಾತ್ರೆ ಕೊಟ್ಟರೆ ಚರ್ಮ ಸರಿಹೋಗುತ್ತದೆ, ಕೂದಲು ಬರುತ್ತದೆ. ಹೋದ ಕಿವಿ ಮಾತ್ರ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅದಕ್ಕೇ ಲಕ್ಷಣ ಕಾಣುವವರೆಗೆ ಕಾಯುವಂತಿಲ್ಲ.

ಈಗ ಲ್ಯಾಬ್ ಮೊದಲು ಅನುಮಾನಪಡುವುದು ಮಗುವಿನ ಮೇಲಲ್ಲ, ಬಿಸಿಲಿನ ಮೇಲೆ. ಕಾರ್ಡ್ ಶುಕ್ರವಾರದಿಂದ ಸೋಮವಾರದವರೆಗೆ ಯಾವ ಚೀಲದಲ್ಲಿ, ಯಾವ ವ್ಯಾನಿನಲ್ಲಿ ಬೆಂದಿತ್ತೋ! ಬಿಸಿಗೂ ತೇವಕ್ಕೂ ಈ ಎಂಜೈಮ್ ಸಾಯುತ್ತದೆ. ಹೇಗೆ ಗೊತ್ತಾಗುತ್ತದೆ? ಅದೇ ಕಾರ್ಡಿನಲ್ಲಿ ಜಿ6ಪಿಡಿ, ಹಾಲಿನ ಸಕ್ಕರೆ ಒಡೆಯುವ ಗಾಲ್ಟ್, ಇಂಥ ಬೇರೆ ಎಂಜೈಮ್‌ಗಳನ್ನೂ ಅಳೆದಿರುತ್ತಾರೆ. ಅವಕ್ಕೂ ಬಿಸಿ ಆಗಿಬರುವುದಿಲ್ಲ. ಮೂರೂ ಒಟ್ಟಿಗೆ ಬಿದ್ದಿದ್ದರೆ ಕಾರ್ಡ್ ಬೆಂದಿದೆ ಎಂದುಕೊಳ್ಳಬಹುದು. ಈ ಮಗುವಿನ ಕಾರ್ಡಿನಲ್ಲಿ ಉಳಿದೆರಡೂ ಸರಿ ಇದ್ದವು. ಹಾಗಾಗಿ ಲ್ಯಾಬ್ ಅದೇ ದಿನ ಫೋನ್ ಮಾಡಿತು.

ಮಂಗಳವಾರ ಮಗುವನ್ನು ಕರೆತಂದರು. ಈ ಸಲ ಕಾರ್ಡ್ ಸಾಲದು, ರಕ್ತನಾಳದಿಂದ ರಕ್ತ ಬೇಕು. ಮಗುವಿನದಲ್ಲದೆ ಅಪ್ಪನದು, ಅಮ್ಮನದು, ಜೊತೆಗೆ ಸಂಬಂಧವೇ ಇಲ್ಲದ ಒಬ್ಬರದು. ವಾರ್ಡಿನ ಒಬ್ಬ ಸಿಸ್ಟರ್ ಕೈ ಕೊಟ್ಟರು. "ಅವರದ್ಯಾಕೆ ಡಾಕ್ಟ್ರೇ?" ಎಂದು ಅಜ್ಜಿ ಕೇಳೇ ಕೇಳುತ್ತಾರೆ. ನಾಲ್ಕು ಟ್ಯೂಬುಗಳೂ ಒಂದೇ ಡಬ್ಬಿಯಲ್ಲಿ, ಒಂದೇ ಐಸಿನಲ್ಲಿ ಹೋಗುತ್ತವೆ ಅಜ್ಜಿ. ಸಿಸ್ಟರದ್ದೂ ಕಡಿಮೆ ಬಂದರೆ ದಾರಿಯಲ್ಲಿ ಕೆಟ್ಟಿದೆ ಅಂತ ಲೆಕ್ಕ.

[ಪರದೆಯ ಮೇಲೆ: ಮಗು 4, ಅಮ್ಮ 48, ಅಪ್ಪ 52, ಸಿಸ್ಟರ್ 97.]

ಸಾಮಾನ್ಯ ಮಟ್ಟವನ್ನು 100 ಎಂದಿಟ್ಟುಕೊಳ್ಳಿ. ಸಿಸ್ಟರದು ಸರಿ ಇದೆ, ಅಂದರೆ ಸ್ಯಾಂಪಲ್ ಕೆಟ್ಟಿಲ್ಲ. ಅಪ್ಪ ಅಮ್ಮ ಇಬ್ಬರದೂ ಸುಮಾರು ಅರ್ಧ, ಅಂದರೆ ಇಬ್ಬರ ಬಳಿಯೂ ಕೆಟ್ಟ ಜೀನಿನ ಒಂದೊಂದು ಪ್ರತಿ ಇದೆ. ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬಂದಿದೆ. 10ಕ್ಕಿಂತ ಕಡಿಮೆ ಇದ್ದರೆ ತೀವ್ರ ಕೊರತೆ. ಕಾಯಿಲೆ ಖಚಿತ.

ಮಾತ್ರೆಯನ್ನು ಈ ರಿಪೋರ್ಟ್ ಬರುವ ತನಕ ತಡೆಹಿಡಿಯಲಿಲ್ಲ. ರಕ್ತ ತೆಗೆದ ಅರ್ಧ ಗಂಟೆಗೆ ಶುರು ಮಾಡಿದರು. ಬಯೋಟಿನ್ 10 ಮಿಲಿಗ್ರಾಂ, ದಿನಕ್ಕೊಂದು. ಪುಡಿಮಾಡಿ, ಒಂದಿಷ್ಟು ಎದೆಹಾಲಿನಲ್ಲಿ ಕಲಸಿ, ಒಳಲೆಯಲ್ಲಿ ಕುಡಿಸುವುದು. ಕೂದಲು ಉದುರುತ್ತದೆ ಎಂದು ಮೆಡಿಕಲ್ ಸ್ಟೋರಿನಲ್ಲಿ ಜನ ಕೊಳ್ಳುತ್ತಾರಲ್ಲ, ಅದೇ ವಿಟಮಿನ್. ಎದೆಹಾಲು ಎಂದಿನಂತೆ. ಆದರೆ ಮಾತ್ರೆ ಬದುಕಿಡೀ ಬೇಕು. ಮಗು ಚೆನ್ನಾಗಿದೆ ಎಂದು ಎರಡು ವರ್ಷಕ್ಕೆ ನಿಲ್ಲಿಸುವವರಿದ್ದಾರೆ, ಅದೇ ತಪ್ಪು. ದೊಡ್ಡವಳಾದ ಮೇಲೆ ಹಸಿ ಮೊಟ್ಟೆ ಬೇಡ, ಅದರ ಬಿಳಿಭಾಗ ಬಯೋಟಿನ್ ಹಿಡಿದಿಟ್ಟುಕೊಳ್ಳುತ್ತದೆ. ಬೇಯಿಸಿದ್ದು ಪರವಾಗಿಲ್ಲ. ಥೈರಾಯ್ಡ್ ಟೆಸ್ಟಿಗೆ ಹೋದಾಗ ಬಯೋಟಿನ್ ತಿನ್ನುತ್ತಾಳೆ ಎಂದು ಲ್ಯಾಬಿಗೆ ಮೊದಲೇ ಹೇಳಿ. ಕೆಲವು ಯಂತ್ರಗಳು ಅದರಿಂದ ತಪ್ಪು ಅಂಕಿ ಕೊಡುತ್ತವೆ.

"ಹಾಗಾದರೆ ಫೋನ್ ಬಂದರೂ ಒಂದು ದಿನ ಬಿಟ್ಟು ಹೋಗಬಹುದು, ಅಲ್ವಾ?"

ಯಾವ ಕಾಯಿಲೆ ಎಂಬುದರ ಮೇಲೆ. ಬಯೋಟಿನಿಡೇಸ್ ಆದರೆ ಮಂಗಳವಾರದ ಬದಲು ಬುಧವಾರ ಹೋದರೂ ನಡೆಯುತ್ತದೆ. ಗ್ಯಾಲಕ್ಟೋಸೀಮಿಯಾ ಎಂದರೆ ಮಾತು ಬೇರೆ. ಅಲ್ಲಿ ವಿಷವಾಗುವುದು ಹಾಲಿನ ಸಕ್ಕರೆಯೇ, ಎದೆಹಾಲಿನದೂ ಸೇರಿ. ಡಾಕ್ಟರು "ಹಾಲು ನಿಲ್ಲಿಸಿ ಬನ್ನಿ" ಎಂದರೆ ಅಜ್ಜಿಗೆ ಬೇಜಾರಾದರೂ ನಿಲ್ಲಿಸಲೇಬೇಕು. ಮೇಪಲ್ ಸಿರಪ್ ಯೂರಿನ್ ಎಂಬ ಇನ್ನೊಂದಿದೆ. ಅದರಲ್ಲಿ ಮಗುವಿನ ಮೂತ್ರಕ್ಕೆ, ಕಿವಿಯ ಗುಗ್ಗೆಗೆ ಸೀದ ಸಕ್ಕರೆಯ ವಾಸನೆ. ಮೊದಲ ವಾರದಲ್ಲೇ ಮಗು ಹಾಲು ಬಿಟ್ಟು, ಮಂಕಾಗಿ, ಪ್ರಜ್ಞೆ ತಪ್ಪಬಹುದು. ಹಾಗಾಗಿ ಫೋನಿನಲ್ಲಿ ಎರಡೇ ಕೇಳಿ: ಯಾವ ಕಾಯಿಲೆಗೆ ಪಾಸಿಟಿವ್? ಈಗ ಹಾಲು ಕೊಡಬೇಕಾ, ಬೇಡವಾ? ಮಗು ಆಗಲೇ ಮಂಕಾಗಿದ್ದರೆ ಕೇಳುವುದೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.

"ನಮ್ಮ ಎರಡೂ ಮನೆಯಲ್ಲಿ ಯಾರಿಗೂ ಇಂಥದ್ದಿಲ್ಲ."

ಇರುವುದಿಲ್ಲ. ಒಂದು ಪ್ರತಿ ಕೆಟ್ಟಿದ್ದವರಿಗೆ ಏನೂ ಆಗುವುದಿಲ್ಲ, ಆ ಅಪ್ಪ ಅಮ್ಮನ ಹಾಗೆ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವ ರೂಢಿ ಇದೆ. ಒಂದೇ ಅಜ್ಜನಿಂದ ಬಂದ ಪ್ರತಿ ಎರಡೂ ಕಡೆ ಇರುವ ಸಾಧ್ಯತೆ ಅಲ್ಲಿ ಜಾಸ್ತಿ. ಬೆಂಗಳೂರಿನಲ್ಲಿ 1980ರಲ್ಲೇ ಹೆರಿಗೆ ಆಸ್ಪತ್ರೆಗಳ ಮಕ್ಕಳ ರಕ್ತ ತೆಗೆದು ಅಮೈನೋ ಆಮ್ಲದ ಕಾಯಿಲೆಗಳನ್ನು ಹುಡುಕಿದ್ದರು, ಒಂದು ಲಕ್ಷಕ್ಕೂ ಜಾಸ್ತಿ ಮಕ್ಕಳದು. ಅಷ್ಟು ಹಿಂದೆ ಶುರುವಾದರೂ ದೇಶದಲ್ಲಿ ಇಂದಿಗೂ ಎಲ್ಲ ಮಕ್ಕಳಿಗೆ ಇದು ಕಡ್ಡಾಯವಿಲ್ಲ. ನನಗಂತೂ ಇದು ಬೇಸರದ ವಿಷಯ. ಆದ್ದರಿಂದ ಆಸ್ಪತ್ರೆಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ, ಬಸಿರಿನ ಏಳು ತಿಂಗಳ ಚೆಕಪ್ಪಿನಲ್ಲೇ ಕೇಳಿಟ್ಟುಕೊಳ್ಳಿ. ಹಿಂದೆ ಒಂದು ಮಗು ಕಾರಣ ಗೊತ್ತಾಗದೆ ತೀರಿಕೊಂಡಿದ್ದರೆ ಅದನ್ನು ಮುಚ್ಚಿಡದೆ ಹೇಳಿ.

"ರಿಪೋರ್ಟ್ ನಾರ್ಮಲ್ ಬಂತು. ಇನ್ನು ನಿಶ್ಚಿಂತೆ?"

ಆ ಕಾರ್ಡಿನಲ್ಲಿ ಹುಡುಕಿದ ಕಾಯಿಲೆಗಳ ಮಟ್ಟಿಗೆ ಬಹುಮಟ್ಟಿಗೆ ಹೌದು. ಆದರೆ ಪ್ಯಾಕೇಜುಗಳು ಬೇರೆ ಬೇರೆ. ಒಂದು ಕಡೆ ಆರೇಳು ಕಾಯಿಲೆ, ಇನ್ನೊಂದು ಕಡೆ ಐವತ್ತು. ರಕ್ತದಲ್ಲಿ ಅಮೋನಿಯಾ ಏರುವ ಕೆಲವು ಕಾಯಿಲೆಗಳು ದೊಡ್ಡ ಪಟ್ಟಿಯಲ್ಲೂ ತಪ್ಪಿಸಿಕೊಳ್ಳುತ್ತವೆ. ಮಗು ಹಾಲು ಬಿಟ್ಟು, ಪದೇ ಪದೇ ವಾಂತಿ ಮಾಡಿ, ಎಬ್ಬಿಸಿದರೂ ಏಳದಂತೆ ನಿದ್ದೆ ಮಾಡುತ್ತಿದ್ದರೆ "ಸ್ಕ್ರೀನಿಂಗ್ ನಾರ್ಮಲ್ ಇತ್ತಲ್ಲ" ಎಂದು ಕಾಯಬೇಡಿ. ರಿಪೋರ್ಟ್ ಹಾಳೆಯನ್ನು ಲಸಿಕೆ ಕಾರ್ಡಿನ ಜೊತೆ ಇಟ್ಟಿರಿ. ಹೋದಾಗ ಡಾಕ್ಟರ ಮುಂದಿಟ್ಟು ಕೇಳಿ: "ಇದರಲ್ಲಿ ಏನೇನು ನೋಡಿಲ್ಲ? ಅಮೋನಿಯಾ, ಶುಗರ್ ಈಗ ನೋಡುತ್ತೀರಾ?"

[ಕ್ಯಾಮೆರಾ ಮತ್ತೆ ಕಾರ್ಡಿನ ಮೇಲೆ. ಈಗ ನಾಲ್ಕೂ ವೃತ್ತ ತುಂಬಿವೆ. ಕೆಳಗೆ ಎರಡು ಫೋನ್ ನಂಬರ್ ಜಾಗ, ಎರಡೂ ಭರ್ತಿ.]