ಬಚ್ಚಲುಮನೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಮೈಸೂರಿನಲ್ಲಿ ನನ್ನ ಅಕ್ಕನ ಮನೆಯ ಮಹಡಿ ಮೇಲೊಂದು ಬಚ್ಚಲುಮನೆ ಇದೆ. ಇಪ್ಪತ್ತೈದು ವರ್ಷ ದಾಟಿದ ಮನೆ. ಕೆಳಗಿನ ಊಟದ ಕೋಣೆಯ ಸೂರಿನಲ್ಲಿ ತಟ್ಟೆಯಗಲದ ಒಂದು ಕಲೆ ಕಾಣಿಸಿಕೊಂಡಿತು. ಸುಣ್ಣ ಬಳಿಸಿದರು, ಮತ್ತೆ ಬಂತು. ಕೊನೆಗೆ ಭಾವ ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಅವರು ಒಂದು ಚೀಟಿಯಲ್ಲಿ "ಎಲ್ಲಾ ಸೇರಿ 84,000" ಎಂದು ಬರೆದುಕೊಟ್ಟು ಹೋದರು. ಅಕ್ಕ ಆ ಚೀಟಿ ನನ್ನ ಕೈಗಿಟ್ಟು, "ನೋಡೋ, ಇದು ಜಾಸ್ತಿಯೋ ಕಡಿಮೆಯೋ ಹೇಳು" ಎಂದಳು. ಕಟ್ಟಡದ ಕೆಲಸ ನೋಡಿಕೊಳ್ಳುವುದೇ ನನ್ನ ಕಸುಬು. ಆದರೂ ಒಂದೇ ಸಾಲಿನ ಚೀಟಿ ನೋಡಿ ಹಾಗೆಲ್ಲ ಹೇಳಲು ಬರುವುದಿಲ್ಲ. ಆ "ಎಲ್ಲಾ" ಅನ್ನುವುದರಲ್ಲಿ ಏನೇನಿದೆ ಅಂತ ಬಿಡಿಸಬೇಕು. ಟೇಪು ಹಿಡಿದುಕೊಂಡು ಮಹಡಿ ಹತ್ತಿದೆ.

ಬಚ್ಚಲು 8 ಅಡಿ ಉದ್ದ, 5 ಅಡಿ ಅಗಲ. ನೆಲ 40 ಚದರಡಿ. ನಾಲ್ಕು ಗೋಡೆಯ ಸುತ್ತಳತೆ 26 ಅಡಿ. 7 ಅಡಿ ಎತ್ತರದವರೆಗೆ ಟೈಲ್ಸ್ ಅಂದರೆ 182 ಚದರಡಿ. ಎರಡೂವರೆ ಅಡಿ ಅಗಲದ ಬಾಗಿಲನ್ನು ಕಳೆದರೆ ಸುಮಾರು 165. ಗಾಳಿಕಿಂಡಿ 7 ಅಡಿಗಿಂತ ಮೇಲಿದ್ದುದರಿಂದ ಅದನ್ನು ಕಳೆಯುವ ಹಾಗಿರಲಿಲ್ಲ. 40 ಮತ್ತು 165, ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಟೈಲ್ಸ್, ಗಾರೆ, ಕೂಲಿ ಎಲ್ಲವೂ ಇವುಗಳ ಮೇಲೆಯೇ ನಿಲ್ಲುತ್ತವೆ.

ಟೈಲ್ಸ್ ಅಂಗಡಿಯಲ್ಲಿ "ಒಂದಡಿಗೆ ಒಂದೂವರೆ ಅಡಿ" ಎಂದು ಕೊಡುವುದು ನಿಜವಾಗಿ 300 ಮಿಲಿಮೀಟರಿಗೆ 450 ಮಿಲಿಮೀಟರ್. ಒಂದಡಿ ಅಂದರೆ ಸುಮಾರು 305 ಮಿಲಿಮೀಟರ್. ಹಾಗಾಗಿ ಒಂದು ಬಿಲ್ಲೆ ಮುಚ್ಚುವುದು ಒಂದೂವರೆ ಚದರಡಿಯನ್ನಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ, 1.45. ಒಂದು ಬಿಲ್ಲೆಯಲ್ಲಿ ಇದು ಲೆಕ್ಕಕ್ಕಿಲ್ಲ, ನೂರಿಪ್ಪತ್ತು ಬಿಲ್ಲೆಯಲ್ಲಿ ನಾಲ್ಕು ಬಿಲ್ಲೆ ಕಡಿಮೆ ಬೀಳುತ್ತದೆ. ಮೂಲೆ, ನಲ್ಲಿ, ಜಾಲಿಯ ಹತ್ತಿರ ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿಕೊಂಡೆ. ಗೋಡೆಗೆ 126 ಬಿಲ್ಲೆ ಬಂತು. ನಾವು ನೋಡಿದ ಪೆಟ್ಟಿಗೆಯಲ್ಲಿ ಆರಾರು, ಹಾಗಾಗಿ 21 ಪೆಟ್ಟಿಗೆ. ನೆಲಕ್ಕೆ ಜಾರದ ಒರಟು ಟೈಲ್ಸ್, 5 ಪೆಟ್ಟಿಗೆ. ನಮಗೆ ಸಿಕ್ಕ ದರ ತೆರಿಗೆ ಸೇರಿ ಗೋಡೆಯದು ಚದರಡಿಗೆ 50, ನೆಲದ್ದು 55. ತೆರಿಗೆ ಸೇರಿದೆಯೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳಿ, ಅದು 18 ಪರ್ಸೆಂಟ್. ಸಂದು ತುಂಬುವ ಪುಡಿ, ಗಾಡಿ ಬಾಡಿಗೆ ಸೇರಿ 14,000 ಬರೆದೆ. ಸಿಮೆಂಟು, ಎಂ-ಸ್ಯಾಂಡಿಗೆ 7,000.

ಆಮೇಲೆ ಕಮೋಡ್, ಬೇಸಿನ್, ನಲ್ಲಿಗಳು. ಇದು ಲೆಕ್ಕದಲ್ಲಿ ತೀರ ಸುಲಭದ ಭಾಗ, ಅಂಗಡಿಗೆ ಹೋದರೆ ಬೆಲೆ ಚೀಟಿ ಅಂಟಿಸಿರುತ್ತಾರೆ. ಅಕ್ಕ ಆರಿಸಿದ್ದಕ್ಕೆಲ್ಲ ಸೇರಿ 23,000 ಆಯಿತು. ಅದರಲ್ಲಿ ಆಂಗಲ್ ಕಾಕ್, ಕನೆಕ್ಷನ್ ಪೈಪು, ಬೇಸಿನ್ನಿನ ಕೆಳಗಿನ ಬಾಟಲ್ ಟ್ರ್ಯಾಪ್‌ನಂಥ ಸಣ್ಣಪುಟ್ಟದ್ದೇ 3,000. ಜನ ಮರೆಯುವುದು ಅದನ್ನೇ. ಒಂದು ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ಹಳೆಯ ಕಮೋಡಿನ ಪೈಪು ನೆಲದೊಳಗೆ ಇಳಿಯುತ್ತದೆಯೋ ಗೋಡೆಯೊಳಗೆ ಹೋಗುತ್ತದೆಯೋ ನೋಡಿ. ನೆಲದೊಳಗೆ ಇಳಿಯುವುದಾದರೆ ಗೋಡೆಯಿಂದ ಆ ಪೈಪಿನ ನಡುಮಧ್ಯಕ್ಕೆ ಎಷ್ಟು ಇಂಚು ಎಂದು ಅಳೆದುಕೊಂಡೇ ಅಂಗಡಿಗೆ ಹೋಗಿ. ನಮ್ಮಲ್ಲಿ ಅದು 9 ಇಂಚು ಇತ್ತು. ಭಾವ ಮೆಚ್ಚಿಕೊಂಡಿದ್ದ ಕಮೋಡಿಗೆ 12 ಇಂಚು ಬೇಕಿತ್ತು. ಅದನ್ನು ತಂದಿದ್ದರೆ ಹಿಂಭಾಗ ಗೋಡೆಗೆ ತಾಗಿ ಪೈಪಿನ ಮೇಲೆ ಕೂರುತ್ತಲೇ ಇರಲಿಲ್ಲ, ಪೈಪನ್ನೇ ಮೂರಿಂಚು ಸರಿಸಬೇಕಿತ್ತು. ಅಳೆಯುವುದು ಟೈಲ್ಸ್ ಮುಖದಿಂದ, ಬೋಳು ಇಟ್ಟಿಗೆಯಿಂದಲ್ಲ. ಗಾರೆ, ಟೈಲ್ಸ್ ಸೇರಿದರೆ ಒಂದಿಂಚಿಗೂ ಹೆಚ್ಚು ಮುಂದೆ ಬರುತ್ತದೆ.

ಗೋಡೆಯೊಳಗಿನ ಪೈಪು ಹಳೆಯ ಕಾಲದ ಜಿಐ ಕಬ್ಬಿಣದ್ದು, ಒಳಗೆಲ್ಲ ತುಕ್ಕು. ಗೋಡೆ ಒಡೆದ ಮೇಲೆ ಅದನ್ನು ಉಳಿಸುವುದು ದಡ್ಡತನ. ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪು, ಅದರ ಬೆಂಡು, ಟೀಗಳಿಗೆ 8,000 ಇಟ್ಟೆ.

ಈಗ ನೀರುನಿರೋಧಕ ಲೇಪನ, ಅಂದರೆ ಎಲ್ಲರೂ ವಾಟರ್‌ಪ್ರೂಫಿಂಗ್ ಅನ್ನುವುದು. ಮೇಸ್ತ್ರಿಯ ಚೀಟಿಯ ಮೊದಲ ತೂತು ಇಲ್ಲೇ ಸಿಕ್ಕಿತು. ಫೋನು ಮಾಡಿ "ಎಷ್ಟು ಚದರಡಿ ಹಿಡಿದಿದ್ದೀರಿ?" ಎಂದು ಕೇಳಿದೆ. "ನೆಲ ಸಾರ್, 40" ಎಂದರು. ನೀರು ನೆಲದ ನಡುವಿನಿಂದ ಇಳಿಯುವುದು ಅಪರೂಪ. ಅದು ಇಳಿಯುವುದು ನೆಲ ಮತ್ತು ಗೋಡೆ ಸೇರುವ ಮೂಲೆಯಿಂದ, ನೀರು ಹೊರಹೋಗುವ ಜಾಲಿಯ ಕೆಳಗಿನ ಟ್ರ್ಯಾಪಿನ ಸುತ್ತಲಿನಿಂದ, ಶವರಿನ ಕೆಳಗಿನ ಗೋಡೆಯಿಂದ. ಆದ್ದರಿಂದ ನೆಲದ 40ರ ಜೊತೆಗೆ ಸುತ್ತಲೂ ಒಂದಡಿ ಎತ್ತರ ಗೋಡೆಗೆ ಬಳಿಯಬೇಕು, ಅದು 26. ಸ್ನಾನ ಮಾಡುವ ಮೂಲೆಯ 8 ಅಡಿ ಅಗಲದ ಗೋಡೆಗೆ ಇನ್ನೂ 5 ಅಡಿ ಮೇಲಕ್ಕೆ ಬಳಿಯಬೇಕು, ಅದು 40. ಒಟ್ಟು 106 ಚದರಡಿ. ಪುಡಿ ಮತ್ತು ದ್ರಾವಣ ಕಲಸಿ ಎರಡು ಕೋಟು ಬಳಿಯುವ ಕೆಲಸಕ್ಕೆ, ಸಾಮಾನು ಕೂಲಿ ಸೇರಿ, ಚದರಡಿಗೆ 70ರಂತೆ 7,400. ಮೇಸ್ತ್ರಿಯ ಲೆಕ್ಕದಲ್ಲಿ ಇದು 2,800 ಮಾತ್ರ. ಅವರು ಮೋಸ ಮಾಡಿದರು ಎನ್ನಲಾರೆ, ನಾವು ಕೇಳಿರಲಿಲ್ಲ.

ಕೂಲಿಯಲ್ಲೂ ಹೀಗೇ. ಟೈಲ್ಸ್ ಕೂರಿಸಲು 205 ಚದರಡಿಗೆ 50ರಂತೆ 10,250 ಎಂದು ಅವರೂ ಬರೆದುಕೊಂಡಿದ್ದರು. ಆದರೆ ಹಳೆಯ ಟೈಲ್ಸ್ ಕೀಳುವಾಗ ಅದರ ಹಿಂದಿನ ಗಾರೆಯೂ ಉದುರುತ್ತದೆ. ಗೋಡೆಗೆ ಮತ್ತೆ ಗಾರೆ ಮಾಡದೆ ಹೊಸ ಟೈಲ್ಸ್ ನಿಲ್ಲದು. ಅದಕ್ಕೆ ಚದರಡಿಗೆ 35ರಂತೆ 5,800 ಬೇಕು, ಚೀಟಿಯಲ್ಲಿ ಇರಲಿಲ್ಲ. ಒಡೆದ ಅವಶೇಷವನ್ನು ಮಹಡಿಯಿಂದ ಚೀಲದಲ್ಲಿ ಹೊತ್ತು ಇಳಿಸಬೇಕು, ಆಮೇಲೆ ಟ್ರ್ಯಾಕ್ಟರ್. ಒಡೆಯುವುದು ಅವರ ಲೆಕ್ಕದಲ್ಲಿತ್ತು, ಟ್ರ್ಯಾಕ್ಟರಿನ 3,000 ಇರಲಿಲ್ಲ. ಒಡೆಯುವ ಕೂಲಿ, ಟ್ರ್ಯಾಕ್ಟರ್, ಗಾರೆ, ಟೈಲ್ಸ್, ಪ್ಲಂಬರ್ ಎಲ್ಲ ಸೇರಿ ನನ್ನ ಲೆಕ್ಕಕ್ಕೆ 38,000 ಬಂತು.

ಕೂಡಿದರೆ 97,400. ಮೇಸ್ತ್ರಿಯ 84,000ಕ್ಕೂ ಇದಕ್ಕೂ ನಡುವೆ ಇರುವ ಹದಿಮೂರು ಸಾವಿರ ಚಿಲ್ಲರೆ ಯಾವುದು ಅಂತ ಈಗ ನಿಮಗೇ ಗೊತ್ತು. ಲೇಪನದ್ದು, ಗಾರೆಯದ್ದು, ಟ್ರ್ಯಾಕ್ಟರಿನದ್ದು. ಹೇಗೂ ಆಮೇಲೆ ಕೊಡಲೇಬೇಕಾಗಿದ್ದ ಹಣ.

ಇನ್ನು ಗೊತ್ತಿಲ್ಲದ್ದಕ್ಕೆ ಎತ್ತಿಡುವ ಹಣ. ಸಾಮಾನ್ಯವಾಗಿ ಒಟ್ಟು ಮೊತ್ತದ ಮೇಲೆ ನೂರಕ್ಕೆ ಹತ್ತೋ ಹದಿನೈದೋ ಎನ್ನುತ್ತಾರೆ. ನನಗೆ ಆ ಪದ್ಧತಿ ಒಪ್ಪಿಗೆಯಿಲ್ಲ. ಕಮೋಡಿನ ಬೆಲೆ ನಾಳೆಯೂ ಅಷ್ಟೇ, ಅದರ ಮೇಲೆ ಯಾಕೆ ಹಿಡಿಯಬೇಕು? ದುಬಾರಿ ಕಮೋಡು ಕೊಂಡವರ ನೆಲದಡಿ ಹೆಚ್ಚು ಸಮಸ್ಯೆ ಇರುತ್ತದೆಯೇ? ಅನಿರೀಕ್ಷಿತ ಅನ್ನುವುದು ಇರುವುದು ಟೈಲ್ಸ್ ಹಿಂದೆ ಮತ್ತು ನೆಲದ ಕೆಳಗೆ. ಹಾಗಾಗಿ ಅಲ್ಲಿ ಮಾಡುವ ಕೆಲಸದ ಮೇಲೆ ಮಾತ್ರ ಹಿಡಿಯುತ್ತೇನೆ. ಕೂಲಿ, ಪೈಪು, ಲೇಪನ, ಸಿಮೆಂಟು ಮರಳು, ಇವು ನಮ್ಮಲ್ಲಿ 60,400. ಕೆಳಗೆ ಸೋರಿಕೆ ಇಲ್ಲದ ಮನೆಯಾದರೆ ಅದರ ಮೇಲೆ ನೂರಕ್ಕೆ ಹದಿನೈದು ಸಾಕು. ಸೋರುತ್ತಿದ್ದರೆ ಇಪ್ಪತ್ತೈದಕ್ಕಿಂತ ಕಡಿಮೆ ಬೇಡ.

ಒಡೆಯುವ ಮೊದಲೇ ಸೋರಿಕೆಯ ಜಾಡು ಹಿಡಿಯಲು ಎರಡು ಪರೀಕ್ಷೆಗಳಿವೆ, ಖರ್ಚಿಲ್ಲ. ಮೊದಲು ಆ ಬಚ್ಚಲಿಗೆ ನೀರು ಬರುವ ವಾಲ್ವ್ ಮುಚ್ಚಿ ಎರಡು ದಿನ ಬಳಸದೆ ಬಿಡಿ. ಕಲೆ ಒಣಗಿದರೆ, ನೀರು ಬರುವ ಪೈಪು ಅಥವಾ ಬಚ್ಚಲಿನ ಬಳಕೆಯೇ ಕಾರಣ. ಒಣಗದಿದ್ದರೆ ನೀರು ಬೇರೆಲ್ಲಿಂದಲೋ ಬರುತ್ತಿರಬಹುದು, ತಾರಸಿಯನ್ನೂ ನೋಡಿ. ಆಮೇಲೆ ವಾಲ್ವ್ ತೆರೆದು, ನಲ್ಲಿಗಳನ್ನು ಮುಟ್ಟದೆ ಇನ್ನೊಂದು ದಿನ ನೋಡಿ. ಯಾರೂ ಸ್ನಾನ ಮಾಡದೆಯೂ ಕಲೆ ಮರಳಿದರೆ ಗೋಡೆಯೊಳಗಿನ ಪೈಪು. ಮರಳದಿದ್ದರೆ ಎರಡನೆಯ ಪರೀಕ್ಷೆ. ಜಾಲಿಯ ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡಿಂಚು ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಒಂದು ದಿನ ಬಿಡಿ. ಹೊಸ ಲೇಪನ ಆದ ಮೇಲೂ, ಟೈಲ್ಸ್ ಕೂರಿಸುವ ಮೊದಲು, ಇದನ್ನೇ ಮತ್ತೆ ಮಾಡಿಸಿ. ಆಗ ಎರಡು ದಿನ ನಿಲ್ಲಿಸಿ.

ಅಕ್ಕನ ಮನೆಯಲ್ಲಿ ಎರಡನೆಯ ಪರೀಕ್ಷೆಯ ಮಾರನೇ ಸಂಜೆಗೇ ಗೆರೆಯಿಂದ ನೀರು ಕೆಳಗಿಳಿದಿತ್ತು, ಊಟದ ಕೋಣೆಯ ಕಲೆ ಕಪ್ಪಾಗಿತ್ತು. ಅಂದರೆ ನೆಲ. ಟ್ರ್ಯಾಪಿನ ಸುತ್ತ ಮಾತ್ರವೋ, ಇಡೀ ತಳವೋ ಎನ್ನುವುದು ಒಡೆದ ಮೇಲೆಯೇ ತಿಳಿಯುವುದು. 60,400ರ ಮೇಲೆ ನೂರಕ್ಕೆ ಇಪ್ಪತ್ತೈದರಂತೆ 15,100 ಎತ್ತಿಡಲು ಭಾವನಿಗೆ ಹೇಳಿದೆ. ಎಲ್ಲ ಸೇರಿ 1,12,500. "ಇದೇನಪ್ಪ, ನಿನ್ನನ್ನು ಕೇಳಿದ್ದೇ ತಪ್ಪಾಯಿತು" ಎಂದರು ಭಾವ.

ಒಡೆದಾಗ ಕಂಡಿದ್ದು ಇದು. ಆ ಬಚ್ಚಲಿನ ಸ್ಲ್ಯಾಬನ್ನು 9 ಇಂಚು ತಗ್ಗಿಸಿ ಕಟ್ಟಿದ್ದರು, ಪೈಪು ಹಾಯಲೆಂದು. ಆ ತಗ್ಗಿಗೆ ಇಟ್ಟಿಗೆ ಚೂರು ತುಂಬಿ ಮೇಲೆ ನೆಲ ಮಾಡಿದ್ದರು. ವರ್ಷಗಟ್ಟಲೆ ಇಳಿದ ನೀರು ಆ ತುಂಬಿನಲ್ಲಿ ತೊಟ್ಟಿಯಂತೆ ನಿಂತಿತ್ತು. ಕೈಹಾಕಿದರೆ ಕೆಸರು, ಕೆಟ್ಟ ವಾಸನೆ. ಅದನ್ನು ಉಳಿಸಿ ಮೇಲೆ ಎಷ್ಟು ಒಳ್ಳೆಯ ಲೇಪನ ಬಳಿದರೂ ಒಳಗಿನ ನೀರು ಕೆಳಗೇ ಇಳಿಯುತ್ತಿರುತ್ತದೆ. ಪೂರ್ತಿ ತೆಗೆಸಿದೆವು, ಮೂವತ್ತಕ್ಕೂ ಹೆಚ್ಚು ಚೀಲ. ತೆಗೆದು, ಹೊತ್ತು ಹಾಕಿ, ಹೊಸದು ತುಂಬಲು 9,500. ತಗ್ಗಿನ ತಳಕ್ಕೂ ಅದರ ಪಕ್ಕೆಗಳಿಗೂ ಪ್ರತ್ಯೇಕ ಲೇಪನ ಬೇಕಾಯಿತು, ಸುಮಾರು 60 ಚದರಡಿ, 4,200. ತಳದಲ್ಲಿದ್ದ ನಾಲ್ಕಿಂಚಿನ ಪೈಪಿನ ಕೀಲು ಬಿಟ್ಟುಹೋಗಿತ್ತು, ಅದಕ್ಕೆ 3,000. ಒಟ್ಟು 16,700. ನಾನು ಎತ್ತಿಡಿಸಿದ್ದಕ್ಕಿಂತ 1,600 ಹೆಚ್ಚು. ಭಾವ ಅದನ್ನು ಈಗಲೂ ಎತ್ತಿ ಆಡುತ್ತಾರೆ.

ಗೋಡೆಯ ಟೈಲ್ಸಿನಲ್ಲಿ ಏಳು ಬಿಲ್ಲೆ ಉಳಿದವು. ಅಕ್ಕ ಅಂಗಡಿಗೆ ಹಿಂದಿರುಗಿಸಲು ಹೊರಟಿದ್ದಳು, ತಡೆದೆ. ಪೆಟ್ಟಿಗೆಯ ಪಕ್ಕದಲ್ಲಿ ಬ್ಯಾಚು ಮತ್ತು ಶೇಡಿನ ನಂಬರು ಅಚ್ಚು ಹಾಕಿರುತ್ತಾರೆ. ಅದೇ ಹೆಸರಿನ ಟೈಲ್ಸ್ ಇನ್ನೊಂದು ಬ್ಯಾಚಿನಲ್ಲಿ ಬಂದರೆ ಬಣ್ಣ ಒಂದು ಕೂದಲೆಳೆ ಬೇರೆ ಇರುತ್ತದೆ, ಗೋಡೆಯ ಮೇಲೆ ತೇಪೆಯಂತೆ ಎದ್ದು ಕಾಣುತ್ತದೆ. ಮುಂದೊಂದು ದಿನ ನಲ್ಲಿಗಾಗಿ ಗೋಡೆ ಒಡೆಯಬೇಕಾದರೆ ಆ ಏಳು ಬಿಲ್ಲೆಗಳೇ ಬೇಕು. ಪೆಟ್ಟಿಗೆಯ ನಂಬರಿರುವ ತುಂಡನ್ನು ಕತ್ತರಿಸಿ ಅವುಗಳ ಜೊತೆಯಲ್ಲೇ ಕಟ್ಟಿ ಅಟ್ಟಕ್ಕೆ ಹಾಕಿಸಿದ್ದೇನೆ.

ನಮಸ್ಕಾರ.