ಮೊದಲು ಒಂದು ವಾರ್ಡಿನಲ್ಲಿ ಮಾಡಿ ನೋಡೋಣ ಅಂದರೆ ಏನು?

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಹೆಚ್ಚಿನವರು ಆಸ್ಪತ್ರೆಯವರೇ ಆದ್ದರಿಂದ ಒಂದೇ ಉದಾಹರಣೆ ಹಿಡಿದು ಮಾತಾಡುತ್ತೇನೆ. ರಕ್ತ ತೆಗೆದ ಮೇಲೆ ಟ್ಯೂಬಿಗೆ ಹೆಸರು ಹಾಕುವ ಕೆಲಸ. ಈಗ ಸಿಸ್ಟರ್ ಪೆನ್ನಲ್ಲಿ ಬರೆಯುತ್ತಾರೆ. ಹೊಸ ಪದ್ಧತಿಯಲ್ಲಿ ರೋಗಿಯ ಕೈಪಟ್ಟಿ ಸ್ಕ್ಯಾನ್ ಮಾಡಿ, ಮಂಚದ ಪಕ್ಕದಲ್ಲೇ ಬಾರ್‌ಕೋಡ್ ಲೇಬಲ್ ಪ್ರಿಂಟ್ ಮಾಡಿ ಅಂಟಿಸಬೇಕು. ಇದನ್ನು ಇಡೀ ಆಸ್ಪತ್ರೆಗೆ ತರುವ ಮೊದಲು ಒಂದು ವಾರ್ಡಿನಲ್ಲಿ ಪೈಲಟ್ ಮಾಡಬೇಕು. ಹೇಗೆ?

ಯಾವ ವಾರ್ಡ್ ಅನ್ನುವಲ್ಲೇ ಮೊದಲ ಎಡವಟ್ಟು ಆಗುತ್ತದೆ. ಸಾಮಾನ್ಯವಾಗಿ ಚುರುಕು ಇನ್‌ಚಾರ್ಜ್ ಸಿಸ್ಟರ್ ಇರುವ, ಹೊಸದೇನು ಕೊಟ್ಟರೂ ಉತ್ಸಾಹದಿಂದ ಮಾಡುವ ವಾರ್ಡನ್ನೇ ಆರಿಸುತ್ತಾರೆ. ಅಲ್ಲಿ ಪೆನ್ನು ಕೊಟ್ಟರೂ ಸರಿಯಾಗಿರುತ್ತದೆ, ಸ್ಕ್ಯಾನರ್ ಕೊಟ್ಟರೂ ಸರಿಯಾಗಿರುತ್ತದೆ, ಅಲ್ವಾ? ಹಾಗಂತ ಐಸಿಯುನಲ್ಲೂ ಶುರು ಮಾಡಬೇಡಿ. ಅಲ್ಲಿ ಪ್ರಿಂಟರ್ ಕೈಕೊಟ್ಟರೆ ಕಾಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಸಾಧಾರಣ ಮೆಡಿಸಿನ್ ವಾರ್ಡ್ ಒಂದನ್ನು ತೆಗೆದುಕೊಳ್ಳಿ. ಬ್ಲಡ್ ಬ್ಯಾಂಕಿಗೆ ಹೋಗುವ ಕ್ರಾಸ್‌ಮ್ಯಾಚ್ ಸ್ಯಾಂಪಲ್‌ಗಳನ್ನು ಪೈಲಟ್‌ನಿಂದ ಹೊರಗಿಡಿ, ಅವು ಹಳೆಯ ರೀತಿಯಲ್ಲೇ ಹೋಗಲಿ. ಅಲ್ಲಿ ಒಂದು ತಪ್ಪಿಗೆ ಒಂದು ಜೀವ ಹೋಗಬಹುದು.

ಈಗ ಅಳತೆಯ ವಿಷಯ. ನಾವು ಇದನ್ನೆಲ್ಲ ಮಾಡುತ್ತಿರುವುದು ಒಬ್ಬರ ರಕ್ತ ಇನ್ನೊಬ್ಬರ ಹೆಸರಿನಲ್ಲಿ ಹೋಗಬಾರದು ಅಂತ. ಹಾಗಾಗಿ ಅದನ್ನೇ ಎಣಿಸೋಣ ಅನ್ನಿಸುತ್ತದೆ. ಆದರೆ ಎಣಿಸಲು ಆಗುವುದಿಲ್ಲ, ಯಾಕೆಂದರೆ ಅದು ಅಪರೂಪ. ವಾರ್ಡಿನಿಂದ ದಿನಕ್ಕೆ 60 ಸ್ಯಾಂಪಲ್ ಹೋಗುತ್ತವೆ ಅಂತಿಟ್ಟುಕೊಳ್ಳಿ. ಪೈಲಟ್ ನಡೆಯುವ ನಾಲ್ಕು ವಾರಕ್ಕೆ 1,680. ಅಷ್ಟರಲ್ಲಿ ಒಂದೂ ಅದಲುಬದಲು ಆಗಲಿಲ್ಲ, ಖುಷಿ. ಆದರೆ ಸೊನ್ನೆ ಬಂದಾಗ ಅಂಕಿಅಂಶದವರು ಒಂದು ಸುಲಭ ಲೆಕ್ಕ ಹಾಕುತ್ತಾರೆ: ಮೂರನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ. 3 ಭಾಗಿಸು 1,680, ಅಂದರೆ ಸುಮಾರು 560ಕ್ಕೆ ಒಂದು. ನಿಜವಾದ ತಪ್ಪಿನ ಪ್ರಮಾಣ ಅಷ್ಟು ಇದ್ದರೂ ಇರಬಹುದು, ಈ ಸೊನ್ನೆ ಅದನ್ನು ಅಲ್ಲಗಳೆಯುವುದಿಲ್ಲ. ಹಳೆಯ ಪದ್ಧತಿಯಲ್ಲೇ ಸಾವಿರಕ್ಕೆ ಒಂದು ತಪ್ಪಾಗುತ್ತಿದ್ದರೆ ನಿಮ್ಮ ಪೈಲಟ್ ಏನನ್ನೂ ತೋರಿಸಿಲ್ಲ.

ಆದ್ದರಿಂದ ನಾಲ್ಕು ವಾರದಲ್ಲಿ ನಿಜವಾಗಿ ಏರಿಳಿಯುವಂಥದ್ದನ್ನು ಎಣಿಸಬೇಕು. ಲೇಬಲ್ ಕಾರಣಕ್ಕೆ ಲ್ಯಾಬ್ ವಾಪಸ್ ಕಳಿಸಿದ ಟ್ಯೂಬ್‌ಗಳು ಎಷ್ಟು? ಹೆಸರಿಲ್ಲ, ಓದಲು ಆಗುವುದಿಲ್ಲ, ಟ್ಯೂಬಿಗೂ ಫಾರ್ಮಿಗೂ ತಾಳೆ ಇಲ್ಲ, ಇಂಥವು ಮಾತ್ರ. ರಕ್ತ ಹೆಪ್ಪುಗಟ್ಟಿದ್ದಕ್ಕೆ, ಕಡಿಮೆ ತೆಗೆದಿದ್ದಕ್ಕೆ ವಾಪಸ್ ಬಂದವನ್ನು ಇದರಲ್ಲಿ ಸೇರಿಸಬೇಡಿ, ಅದನ್ನು ಯಾವ ಬಾರ್‌ಕೋಡೂ ಸರಿ ಮಾಡುವುದಿಲ್ಲ. ಎಷ್ಟೋ ಲ್ಯಾಬ್ ರಿಜಿಸ್ಟರ್‌ಗಳಲ್ಲಿ ಬರೀ 'ರಿಪೀಟ್' ಅಂತ ಬರೆದಿರುತ್ತಾರೆ, ಕಾರಣ ಇರುವುದಿಲ್ಲ. ಹಾಗಾಗಿ ಪೈಲಟ್‌ಗೆ ಎರಡು ವಾರ ಮೊದಲೇ ಕಾರಣದ ಕಾಲಂ ಹಾಕಿಸಿ, ಪೆನ್ನಿನ ಕಾಲದ ಲೆಕ್ಕ ತೆಗೆದಿಟ್ಟುಕೊಳ್ಳಿ. ಜೊತೆಗೆ ರಕ್ತ ತೆಗೆದ ಹೊತ್ತಿನಿಂದ ಲ್ಯಾಬ್ ಸೇರುವವರೆಗೆ ಎಷ್ಟು ನಿಮಿಷ ಅನ್ನುವುದನ್ನೂ ನೋಡಿ. ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಟ್ಟಿರಬಹುದು.

ಎಲ್ಲಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ, ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಲೇಬಲ್ ಎಲ್ಲಿ ಪ್ರಿಂಟ್ ಆಯಿತು? ಬೆಳಗಿನ ಗಡಿಬಿಡಿಯಲ್ಲಿ ಮಂಚದಿಂದ ಮಂಚಕ್ಕೆ ಪ್ರಿಂಟರ್ ತಳ್ಳಿಕೊಂಡು ಹೋಗುವ ಬದಲು, ನರ್ಸಿಂಗ್ ಸ್ಟೇಷನ್‌ನಲ್ಲೇ ಎಲ್ಲ ರೋಗಿಗಳ ಲೇಬಲ್ ಒಟ್ಟಿಗೆ ತೆಗೆದು, ಖಾಲಿ ಟ್ಯೂಬ್‌ಗಳಿಗೆ ಅಂಟಿಸಿ, ಟ್ರೇಯಲ್ಲಿ ಸಾಲಾಗಿ ಜೋಡಿಸಿಕೊಂಡು ಹೊರಡುತ್ತಾರೆ. ಈಗ ಲೇಬಲ್ ಅಂದವಾಗಿದೆ, ಲ್ಯಾಬ್ ಒಂದನ್ನೂ ವಾಪಸ್ ಕಳಿಸುವುದಿಲ್ಲ, ನಿಮ್ಮ ಪಟ್ಟಿಯಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಆದರೆ ಪಕ್ಕದ ಮಂಚದವರ ಟ್ಯೂಬ್ ಕೈಗೆ ಬಂದರೆ ತಡೆಯುವವರು ಯಾರೂ ಇಲ್ಲ, ಪೆನ್ನಿನ ಕಾಲಕ್ಕಿಂತ ಅಪಾಯ ಜಾಸ್ತಿಯೇ ಆಗಿದೆ. ಇದನ್ನು ಹಿಡಿಯುವುದು ಕಷ್ಟವಲ್ಲ. ಪ್ರಿಂಟ್ ಆದ ಸಮಯ ಕಂಪ್ಯೂಟರಿನಲ್ಲಿ ಇರುತ್ತದೆ. ಎರಡೇ ನಿಮಿಷದಲ್ಲಿ ಹತ್ತು ರೋಗಿಗಳ ಲೇಬಲ್ ಬಂದಿದೆ ಅಂದರೆ ಮಂಚದ ಪಕ್ಕ ಯಾರೂ ನಿಂತಿರಲಿಲ್ಲ ಅಂತಲೇ ಅರ್ಥ. ಸಿಸ್ಟರನ್ನು ಬೈಯಬೇಡಿ, ಕಾರಣ ಹುಡುಕಿ. ಹೆಚ್ಚಾಗಿ ಕೊನೆಯ ರೂಮಿಗೆ ವೈಫೈ ಬರುತ್ತಿರುವುದಿಲ್ಲ, ಇಲ್ಲವೇ ಪ್ರಿಂಟರ್ ಬ್ಯಾಟರಿ ಅರ್ಧ ದಾರಿಯಲ್ಲಿ ಮುಗಿದಿರುತ್ತದೆ.

ಇಂಥ ಸಣ್ಣ ವಿಷಯಗಳು ಸಿಗಲಿ ಅಂತಲೇ ಪೈಲಟ್. ಲೇಬಲನ್ನು ಟ್ಯೂಬಿನ ಉದ್ದಕ್ಕೆ ಅಂಟಿಸಬೇಕು, ಉಂಗುರದ ಹಾಗೆ ಸುತ್ತಿದರೆ ಸ್ಕ್ಯಾನರ್ ಓದುವುದಿಲ್ಲ. ಶಾಖದಿಂದ ಅಚ್ಚಾಗುವ ಅಗ್ಗದ ಲೇಬಲ್‌ಗೆ ಸ್ಪಿರಿಟ್ ಹತ್ತಿ ತಾಗಿದರೆ ಅಕ್ಷರ ಹಾಳಾಗುತ್ತದೆ, ರಕ್ತ ತೆಗೆಯುವ ಟ್ರೇಯಲ್ಲಿ ಸ್ಪಿರಿಟ್ ಇಲ್ಲದೆ ಇರುತ್ತದಾ? ಇದು ಮೀಟಿಂಗಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಇನ್ನೊಂದು ಮಾತು. ಮೊದಲ ಎರಡು ವಾರ ಐಟಿ ಹುಡುಗ ವಾರ್ಡಿನಲ್ಲೇ ನಿಂತಿರುತ್ತಾನೆ, ಆಗ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಅವನನ್ನು ಮೂರನೇ ವಾರ ವಾಪಸ್ ಕರೆಸಿ. ತೀರ್ಮಾನಕ್ಕೆ ಕೊನೆಯ ಎರಡು ವಾರದ ಲೆಕ್ಕ ಮಾತ್ರ ಹಿಡಿಯಿರಿ.

ಇನ್ನು ಹಿಂದಕ್ಕೆ ಬರುವ ದಾರಿ. 1992ರ ಅಕ್ಟೋಬರ್ 26ರಂದು ಲಂಡನ್ನಿನ ಆಂಬುಲೆನ್ಸ್ ಸೇವೆ, ಯಾವ ಕರೆಗೆ ಯಾವ ಗಾಡಿ ಕಳಿಸಬೇಕು ಅನ್ನುವ ಕೆಲಸವನ್ನು ಇಡೀ ಊರಿಗೆ ಒಂದೇ ದಿನ ಕಂಪ್ಯೂಟರಿಗೆ ವಹಿಸಿತು. ಅದೇ ದಿನ ಕಂಟ್ರೋಲ್ ರೂಮಿನಲ್ಲಿ ಕೂರುವ ಜಾಗಗಳನ್ನೂ ಬದಲಾಯಿಸಿದರು, ಕಾಗದವನ್ನೂ ತೆಗೆದರು. ಗಾಡಿಗಳು ಎಲ್ಲಿವೆ ಅನ್ನುವ ಮಾಹಿತಿ ತಪ್ಪುತ್ತಾ ಹೋಗಿ ಕರೆಗಳು ರಾಶಿ ಬಿದ್ದವು. ಮರುದಿನ ಅರ್ಧ ಕೈಕೆಲಸಕ್ಕೆ ಮರಳಿದರು. ನವೆಂಬರ್ 4ರಂದು ಕಂಪ್ಯೂಟರ್ ಪೂರ್ತಿ ನಿಂತಿತು. ಅದಕ್ಕೆಂದೇ ಇಟ್ಟಿದ್ದ ಎರಡನೇ ಸರ್ವರ್ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಕಾಗದವೇ ಗತಿಯಾಯಿತು.

ನಮ್ಮ ವಾರ್ಡಿಗೆ ಇದರಿಂದ ಬೇಕಾದದ್ದು ಒಂದೇ: ಹಳೆಯ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಪೈಲಟ್‌ನ ಮೊದಲ ವಾರದಲ್ಲೇ ಒಂದು ಮಧ್ಯಾಹ್ನ ಬೇಕಂತಲೇ ಪ್ರಿಂಟರ್ ಆಫ್ ಮಾಡಿ, ಪೆನ್ನಿಗೆ ಮರಳಲು ಎಷ್ಟು ಹೊತ್ತು ಬೇಕು ನೋಡಿ. ಹಳೆಯ ಫಾರ್ಮ್ ಎಲ್ಲಿದೆ ಅಂತ ಹುಡುಕಾಟ ಶುರುವಾದರೆ ಉತ್ತರ ಸಿಕ್ಕಿತು. ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಶುರು ಮಾಡುವ ಮುಂಚೆಯೇ ಬರೆದು ಗೋಡೆಗೆ ಅಂಟಿಸಿ. ಉದಾಹರಣೆಗೆ, ಪ್ರಿಂಟರ್ ಅರ್ಧ ಗಂಟೆ ಸತ್ತರೆ ಪೆನ್ನು. ಒಬ್ಬರ ರಕ್ತ ಇನ್ನೊಬ್ಬರ ಹೆಸರಿನಲ್ಲಿ ಒಂದೇ ಒಂದು ಸಲ ಹೋದರೂ ಪೆನ್ನು, ಕಾರಣ ಗೊತ್ತಾಗುವವರೆಗೆ. ನಿಲ್ಲಿಸುವ ಅಧಿಕಾರ ಆ ಹೊತ್ತಿಗೆ ಡ್ಯೂಟಿಯಲ್ಲಿರುವ ಸಿಸ್ಟರಿಗೇ ಇರಲಿ. ರಾತ್ರಿ ಎರಡು ಗಂಟೆಗೆ ಮೇಲಿನವರಿಗೆ ಫೋನ್ ಮಾಡಿ ಕೇಳಬೇಕು ಅಂದರೆ ಯಾರೂ ಕೇಳುವುದಿಲ್ಲ, ಸುಮ್ನೆ ಏನೋ ಮಾಡಿ ಮುಗಿಸುತ್ತಾರೆ.

ನಡುದಾರಿಯಲ್ಲಿರುವ ಟ್ಯೂಬ್‌ಗಳ ಗತಿ ಏನು ಅಂತ ನೀವು ಕೇಳಬೇಕು. ಈಗಾಗಲೇ ಮಂಚದ ಪಕ್ಕ ಅಂಟಿಸಿದ ಲೇಬಲ್ ಹಾಗೇ ಇರಲಿ, ಅದನ್ನು ಕಿತ್ತು ಸ್ಟೇಷನ್‌ನಲ್ಲಿ ಕೂತು ಮತ್ತೆ ಬರೆಯುವುದೇ ಅದಲುಬದಲಿಗೆ ದಾರಿ. ಮುಂದಿನ ರೋಗಿಯಿಂದ ಕೈಬರಹ. ಆದರೆ ಒಬ್ಬರ ರಕ್ತ ಇನ್ನೊಬ್ಬರ ಹೆಸರಿನಲ್ಲಿ ಹೋಗಿದ್ದಕ್ಕೇ ನಿಲ್ಲಿಸಿದ್ದರೆ ಹಾಗೆ ಬಿಡಬೇಡಿ, ಆ ಸುತ್ತಿನಲ್ಲಿ ತೆಗೆದದ್ದನ್ನೆಲ್ಲ ತಡೆಹಿಡಿದು ಮತ್ತೆ ರಕ್ತ ತೆಗೆಯಿರಿ. ಲ್ಯಾಬ್ ಎರಡೂ ಬಗೆಯ ಟ್ಯೂಬ್ ತೆಗೆದುಕೊಳ್ಳಬೇಕು, ಕೈಬರಹದವುಗಳ ರಿಪೋರ್ಟನ್ನು ಕಂಪ್ಯೂಟರಿಗೆ ಯಾರು, ಎಷ್ಟು ಗಂಟೆಯೊಳಗೆ ಹಾಕುತ್ತಾರೆ ಅನ್ನುವುದೂ ಬರೆದಿರಬೇಕು. ಪೈಲಟ್ ಗೆದ್ದರೂ ಹಳೆಯ ಫಾರ್ಮಿನ ಪ್ರಿಂಟಿಂಗ್ ಆರ್ಡರನ್ನು ತಕ್ಷಣ ನಿಲ್ಲಿಸಬೇಡಿ. ಕೊನೆಯ ವಾರ್ಡ್ ಬದಲಾಗಿ ಕೆಲವು ತಿಂಗಳು ಕಳೆಯಲಿ, ಆಮೇಲೆ ಸ್ಟೋರ್‌ನವರಿಗೆ ಹೇಳಿ.