384 ಜನ ಯಾಕೆ ಅಂತ ಕೇಳಿದರೆ ಏನು ಹೇಳುತ್ತೀರಿ?

ನಮಸ್ಕಾರ. ಇವತ್ತು ಒಂದು ಸಂಖ್ಯೆಯ ಮೇಲೆ ನನಗಿರುವ ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಆ ಸಂಖ್ಯೆ 384.

ಮಾಸ್ಟರ್ಸ್ ಪ್ರಪೋಸಲ್‌ಗಳನ್ನು ಓದುವವರಿಗೆಲ್ಲ ಇದು ಹಳೆಯ ಪರಿಚಯ. ವಿಷಯ ಯಾವುದೇ ಇರಲಿ, ಮೆಥಡಾಲಜಿ ಭಾಗಕ್ಕೆ ಬಂದರೆ ಸಾಕು, 'ಸ್ಯಾಂಪಲ್ 384' ಅಂತ ಬರೆದಿರುತ್ತದೆ. ಪಕ್ಕದಲ್ಲಿ, ಎಷ್ಟು ಜನರನ್ನು ಕೇಳಬೇಕು ಅಂತ ಹೇಳುವ ಕೋಕ್ರನ್ ಸೂತ್ರವೋ, 1970ರ ಕ್ರೆಚಿ–ಮಾರ್ಗನ್ ಟೇಬಲ್ಲೋ ಇರುತ್ತದೆ. ಅಲ್ಲಿಗೆ ಸಮರ್ಥನೆ ಮುಗಿಯಿತು. ಈ ಸಂಖ್ಯೆ ಎಲ್ಲಿಂದ ಬಂತು ಅಂತ ನೋಡಿ:

n = 1.96² × 0.5 × 0.5 / 0.05² = 384.16

ಸೂತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ದೊಡ್ಡ ಜನಸಮೂಹದಲ್ಲಿ ಶೇಕಡಾ ಎಷ್ಟು ಜನ 'ಹೌದು' ಅನ್ನುತ್ತಾರೆ ಅಂತ ತಿಳಿಯಬೇಕು, ಉತ್ತರ 5 ಅಂಶ ಆಚೀಚೆ ಇದ್ದರೂ ಪರವಾಗಿಲ್ಲ, 95 ಶೇಕಡಾ ಭರವಸೆ ಸಾಕು. ಇದು ನಿಮ್ಮ ಪ್ರಶ್ನೆಯಾದರೆ 384 ಸರಿ. ನಿಮ್ಮ ಪ್ರಶ್ನೆ 'ಈ ಗುಂಪಿಗೂ ಆ ಗುಂಪಿಗೂ ವ್ಯತ್ಯಾಸ ಇದೆಯಾ' ಅಂತಾದರೆ? ಆಗ ಈ ಸೂತ್ರಕ್ಕೆ ನಿಮ್ಮ ಪ್ರಶ್ನೆಯ ಪರಿಚಯವೇ ಇಲ್ಲ.

ನನ್ನ ವಾದ ಇಷ್ಟೇ. ಮೆಥಡಾಲಜಿಯನ್ನು ಹಿಂದಿನಿಂದ ಮುಂದಕ್ಕೆ ಬರೆಯಬೇಕು. ಮೊದಲು ವಿಶ್ಲೇಷಣೆಯ ಯೋಜನೆ. ಅದು ಸ್ಯಾಂಪಲ್ ಎಷ್ಟು ಅಂತ ಹೇಳುತ್ತದೆ. ಪ್ರಶ್ನಾವಳಿಯಲ್ಲಿ ಏನಿರಬೇಕು ಅಂತಲೂ ಅದೇ ಹೇಳುತ್ತದೆ. ಓದುವವರಿಗೆ ಬೇಕಾದ ಕ್ರಮದಲ್ಲಿ ಆಮೇಲೆ ಜೋಡಿಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಸುಮ್ನೆ ಹೇಳಿದರೆ ಆಗಲ್ಲ, ಒಂದು ಕಲ್ಪಿತ ಉದಾಹರಣೆ ಕಟ್ಟೋಣ. ಒಂದು ವಿಶ್ವವಿದ್ಯಾಲಯ. ಅಲ್ಲಿ 1200 ಸ್ನಾತಕೋತ್ತರ ವಿದ್ಯಾರ್ಥಿಗಳು. ಅವರಲ್ಲಿ 960 ಜನ ಹಗಲಿನ ಬ್ಯಾಚ್, 240 ಜನ ಸಂಜೆಯ ಬ್ಯಾಚ್. ಸಂಶೋಧನೆ ಮಾಡುವ ಹುಡುಗಿಯ ಪ್ರಶ್ನೆ: ಸಂಜೆಯ ಬ್ಯಾಚ್‌ನವರಿಗೆ ಓದಿನ ದಣಿವು ಜಾಸ್ತಿಯಾ? ದಣಿವನ್ನು ಅಳೆಯಲು 10 ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಹತ್ತರ ಸರಾಸರಿಯೇ ಒಬ್ಬರ ದಣಿವಿನ ಅಂಕ.

ಇಲ್ಲಿ ಪ್ರಶ್ನಾವಳಿಯೇ ಯಾಕೆ, ಸಂದರ್ಶನ ಯಾಕಲ್ಲ? 'ಕಡಿಮೆ ಖರ್ಚು, ಬೇಗ ಮುಗಿಯುತ್ತೆ' ಅಂತ ಬರೆಯುವವರೇ ಹೆಚ್ಚು. ಅದು ಅನುಕೂಲ, ಸಮರ್ಥನೆಯಲ್ಲ. ಸರಿಯಾದ ಉತ್ತರ ಪ್ರಶ್ನೆಯಲ್ಲೇ ಇದೆ. ಆಕೆ ಕೇಳುತ್ತಿರುವುದು 'ಎಷ್ಟು ವ್ಯತ್ಯಾಸ' ಅಂತ. ಅದಕ್ಕೆ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಬೇಕು. 'ದಣಿವು ಯಾಕೆ ಬರುತ್ತೆ, ಅದನ್ನು ಹೇಗೆ ನಿಭಾಯಿಸುತ್ತಾರೆ' ಅಂತ ಕೇಳಿದ್ದರೆ ನಾನೇ ಸಂದರ್ಶನ ಮಾಡು ಅನ್ನುತ್ತಿದ್ದೆ.

ಈಗ ಟೇಬಲ್ ಹಿಡಿದು ಹೋಗೋಣ. 1200 ಜನರಿಗೆ ಕ್ರೆಚಿ–ಮಾರ್ಗನ್ ಟೇಬಲ್ 291 ಅನ್ನುತ್ತದೆ. ಇದೇ ಕೆಲಸಕ್ಕೆ ಬಳಸುವ ಯಮಾನೆ ಸೂತ್ರ ಸರಿಯಾಗಿ 300 ಕೊಡುತ್ತದೆ. ಸರಿ, 300 ಜನ ಅಂದುಕೊಳ್ಳಿ. ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದರೆ ಸುಮಾರು 240 ಜನ ಹಗಲಿನವರು, 60 ಜನ ಸಂಜೆಯವರು ಸಿಗುತ್ತಾರೆ. ಹೋಲಿಕೆಯ ಬಲ ಯಾವತ್ತೂ ಚಿಕ್ಕ ಗುಂಪಿನ ಕೈಯಲ್ಲಿರುತ್ತದೆ. 240 ಮತ್ತು 60 ಸೇರಿದರೆ ಆ ಹೋಲಿಕೆ ಎರಡೂ ಕಡೆ 96 ಜನ ಇದ್ದಷ್ಟೇ ಬಲದ್ದು. ಲೆಕ್ಕ ಸುಲಭ: ಎರಡನ್ನೂ ಗುಣಿಸಿ, ಎರಡರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ. ಅಂದರೆ 300 ಜನರ ಹಿಂದೆ ಓಡಾಡಿ 192 ಜನರ ಕೆಲಸ ಮಾಡಿದಂತಾಯಿತು.

ಹಾಗಾದರೆ ಎಷ್ಟು ಬೇಕು? ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ. ಎಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಬೇಕು? ಇದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ, ಆಕೆಯೇ ಹೇಳಬೇಕು. 5 ಅಂಕದ ಅಳತೆಯಲ್ಲಿ 0.3ಕ್ಕಿಂತ ಕಡಿಮೆ ವ್ಯತ್ಯಾಸ ಇದ್ದರೆ ಯಾರೂ ವೇಳಾಪಟ್ಟಿ ಬದಲಾಯಿಸುವುದಿಲ್ಲ ಅಂತ ಆಕೆ ವಾದಿಸಬಹುದು. ಇದೇ ಅಳತೆ ಬಳಸಿದ ಹಿಂದಿನ ಅಧ್ಯಯನಗಳಲ್ಲಿ ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ, ಸುಮಾರು 0.75 ಇತ್ತು ಅಂದುಕೊಳ್ಳೋಣ. 0.3 ಭಾಗಿಸು 0.75, ಬಂದದ್ದು 0.4. ಇದೇ ಎಫೆಕ್ಟ್ ಸೈಜ್. 5 ಶೇಕಡಾ ಸಿಗ್ನಿಫಿಕೆನ್ಸ್ ಮಟ್ಟ, 80 ಶೇಕಡಾ ಪವರ್ ಇಟ್ಟುಕೊಂಡರೆ ಪ್ರತಿ ಗುಂಪಿಗೆ 100 ಜನ ಬೇಕು. ಪವರ್ ಅಂದರೆ, ವ್ಯತ್ಯಾಸ ನಿಜವಾಗಿ ಇದ್ದಾಗ ಅದು ನಮ್ಮ ಕಣ್ಣಿಗೆ ಬೀಳುವ ಸಾಧ್ಯತೆ.

ನೋಡಿ, ಒಟ್ಟು 200. ಟೇಬಲ್ ಹೇಳಿದ್ದಕ್ಕಿಂತ 91 ಕಡಿಮೆ, ಆದರೂ ಜಾಸ್ತಿ ಬಲ. ಆದರೆ ಎರಡು ಬ್ಯಾಚ್‌ಗಳಿಂದ ಬೇರೆ ಬೇರೆಯಾಗಿ ಆರಿಸಬೇಕು. ಇದಕ್ಕೇ ಸ್ತರೀಕೃತ ಸ್ಯಾಂಪ್ಲಿಂಗ್ ಅನ್ನುವುದು. ಯಾರು ಯಾವ ಬ್ಯಾಚ್ ಅಂತ ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ಇರುವುದರಿಂದ ಇದು ಸಾಧ್ಯವಾಯಿತು. 'ಕೆಲಸಕ್ಕೆ ಹೋಗುವವರು, ಹೋಗದವರು' ಅಂತ ಗುಂಪು ಮಾಡಿದ್ದರೆ ಪಟ್ಟಿಯಲ್ಲಿ ಆ ಮಾಹಿತಿಯೇ ಇರುತ್ತಿರಲಿಲ್ಲ. ಎಷ್ಟೋ ಪ್ರಪೋಸಲ್‌ಗಳು ಇಲ್ಲೇ ಎಡವುತ್ತವೆ. ಸ್ತರೀಕೃತ ಅಂತ ಬರೆದಿರುತ್ತಾರೆ, ಸ್ತರ ಯಾವುದು ಅಂತ ತಿಳಿಯಲು ಕೈಯಲ್ಲಿ ಪಟ್ಟಿಯೇ ಇರುವುದಿಲ್ಲ. ಇನ್ನು ಗ್ರೂಪಿನಲ್ಲಿ ಲಿಂಕ್ ಹಾಕಿ, ಬಂದವರನ್ನು ಎಣಿಸಿ, ಅದನ್ನು 'ರ‍್ಯಾಂಡಮ್' ಅಂತ ಕರೆಯುವವರ ಬಗ್ಗೆ ನಾನು ಮಾತಾಡಲ್ಲ. ಅದು ಅನುಕೂಲದ ಸ್ಯಾಂಪಲ್. ಹಾಗಂತಲೇ ಬರೆಯಿರಿ, ಮತ್ತೆ 5 ಶೇಕಡಾ ಅಂಚಿನ ಮಾತು ಬೇಡ.

ಒಂದು ಎಚ್ಚರಿಕೆ. ಹೀಗೆ ಸಮ ಸಮ ತೆಗೆದುಕೊಂಡ ಮೇಲೆ 'ಇಡೀ ವಿಶ್ವವಿದ್ಯಾಲಯದ ಸರಾಸರಿ ದಣಿವು' ಹೇಳಬೇಕಾದರೆ ತೂಕ ಹಾಕಲೇಬೇಕು. ಸಂಜೆಯವರ ಸರಾಸರಿ 3.4, ಹಗಲಿನವರದು 2.9 ಬಂತು ಅಂದುಕೊಳ್ಳಿ. ನೇರವಾಗಿ ಕೂಡಿ ಭಾಗಿಸಿದರೆ 3.15. ಆದರೆ ಸಂಜೆಯವರು ಒಟ್ಟು ಜನರಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಅಲ್ವಾ? ಆ ಪಾಲಿನ ಪ್ರಕಾರ ಲೆಕ್ಕ ಹಾಕಿದರೆ 3.0 ಬರುತ್ತದೆ. ಇದನ್ನು ವಿಶ್ಲೇಷಣೆಯ ಯೋಜನೆಯಲ್ಲಿ ಒಂದು ಸಾಲಿನಲ್ಲಿ ಬರೆದರೆ ಸಾಕು.

ಈಗ ಪ್ರಶ್ನಾವಳಿಗೆ ಬನ್ನಿ. ಅದರಲ್ಲಿ ಏನಿರಬೇಕು ಅಂತ ವಿಶ್ಲೇಷಣೆಯೇ ಹೇಳಬೇಕಲ್ಲ, ಇಲ್ಲಿ ಮುಖ್ಯ ಪರೀಕ್ಷೆ ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ವೆಲ್ಚ್ ಟಿ-ಟೆಸ್ಟ್. ಎರಡು ಗುಂಪುಗಳ ಹರಡುವಿಕೆ ಒಂದೇ ಇರಬೇಕು ಅಂತ ಅದು ಕೇಳುವುದಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಯಾರಾದರೂ ಕೇಳುತ್ತಾರೆ: ಸಂಜೆಯವರಿಗೆ ವಯಸ್ಸು ಜಾಸ್ತಿ, ಮನೆಯಲ್ಲಿ ಮಕ್ಕಳಿರಬಹುದು, ದಣಿವು ಅದರಿಂದ ಬಂದಿರಬಹುದಲ್ಲ? ನ್ಯಾಯವಾದ ಪ್ರಶ್ನೆ. ಹಾಗಾಗಿ ಎರಡನೆಯ ಹೆಜ್ಜೆ, ಹಲವು ಸಂಗತಿಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ರಿಗ್ರೆಶನ್. ದಣಿವಿನ ಅಂಕದ ಮೇಲೆ ಬ್ಯಾಚ್, ವಯಸ್ಸು, ಮನೆಯ ಜವಾಬ್ದಾರಿ, ಓದುವ ವಿಭಾಗ. ಈಗ ಪ್ರಶ್ನಾವಳಿಯ ಹಿನ್ನೆಲೆ ಭಾಗ ತಾನಾಗಿ ಸಿದ್ಧವಾಯಿತು. ಈ ಮೂರು ನಾಲ್ಕು ಸಂಗತಿ ಕೇಳಿ. ಧರ್ಮ, ತಂದೆಯ ಉದ್ಯೋಗ, ಇವೆಲ್ಲ ಯಾಕೆ? ವಿಶ್ಲೇಷಣೆಯಲ್ಲಿ ಜಾಗವಿಲ್ಲದ ಪ್ರಶ್ನೆಯನ್ನು ನಾನು ಮುಲಾಜಿಲ್ಲದೆ ಹೊಡೆದುಹಾಕುತ್ತೇನೆ. ಇಷ್ಟೆಲ್ಲ ಮಾಡಿದರೂ ಒಂದೇ ಸಲ ನಡೆಸಿದ ಸರ್ವೆಯಿಂದ 'ಸಂಜೆ ತರಗತಿಯೇ ಕಾರಣ' ಅಂತ ಹೇಳಲು ಬರುವುದಿಲ್ಲ. 'ಸಂಬಂಧ ಇದೆ' ಅನ್ನಬಹುದು, ಅಷ್ಟೇ.

ಪೈಲಟ್, ಅಂದರೆ ಪ್ರಶ್ನಾವಳಿಯನ್ನು ಮೊದಲೇ ಕೆಲವರ ಮೇಲೆ ಪ್ರಯೋಗಿಸಿ ನೋಡುವ ವಿಷಯದಲ್ಲಿ ನನ್ನದು ಸ್ವಲ್ಪ ತಕರಾರಿನ ಅಭಿಪ್ರಾಯ. 30 ಜನರಿಗೆ ಕೊಟ್ಟು, ಕ್ರಾನ್‌ಬ್ಯಾಕ್ ಆಲ್ಫಾ 0.7 ದಾಟಿತು, ಪಾಸ್ ಅಂತ ಬರೆಯುವುದು ರೂಢಿ. ಆದರೆ ಆಲ್ಫಾ ಹೇಳುವುದು ಹೇಳಿಕೆಗಳು ಒಟ್ಟಿಗೆ ಏರಿಳಿಯುತ್ತವೆ ಅಂತ ಮಾತ್ರ. ಅವು ದಣಿವನ್ನೇ ಅಳೆಯುತ್ತಿವೆ ಅಂತ ಅದು ಹೇಳುವುದಿಲ್ಲ. ಅದಕ್ಕಿಂತ ಐದಾರು ಜನರನ್ನು ಎದುರಿಗೆ ಕೂರಿಸಿ, ಪ್ರತಿ ಹೇಳಿಕೆ ಓದಿದಾಗ ಏನು ಅರ್ಥ ಆಯ್ತು ಅಂತ ಬಾಯಿಬಿಟ್ಟು ಹೇಳಿಸಿ. 'ನನಗೆ ಓದು ಮತ್ತು ಪರೀಕ್ಷೆ ಬೇಸರ ತರಿಸುತ್ತದೆ' ಅನ್ನುವ ಹೇಳಿಕೆ ಇದ್ದರೆ, 'ಪರೀಕ್ಷೆ ಹೌದು, ಓದು ಇಲ್ಲ, ಏನು ಬರೀಲಿ?' ಅಂತ ಅವರೇ ಕೇಳುತ್ತಾರೆ. ಇಂಥದ್ದು ಆಲ್ಫಾದಲ್ಲಿ ಕಾಣುವುದಿಲ್ಲ.

ಆಲ್ಫಾ ಬೇಡ ಅಂತಲ್ಲ. ಅದು ಚೆನ್ನಾಗಿ ಹಿಡಿದುಕೊಡುವ ತಪ್ಪು ಒಂದಿದೆ. 'ತರಗತಿ ಮುಗಿದ ಮೇಲೂ ನನಗೆ ಉತ್ಸಾಹ ಇರುತ್ತದೆ' ಅನ್ನುವುದು ಉಲ್ಟಾ ಹೇಳಿಕೆ. ಅದರ 5ನ್ನು 1 ಮಾಡಿಕೊಳ್ಳಲು ಮರೆತರೆ ಆಲ್ಫಾ ದಿಢೀರ್ ಅಂತ ಕುಸಿಯುತ್ತದೆ, ಮತ್ತು ಆ ಹೇಳಿಕೆಗೂ ಉಳಿದವಕ್ಕೂ ಇರುವ ಕೋರಿಲೇಶನ್ ಮೈನಸ್ ಬರುತ್ತದೆ. ಯಾವ ಹೇಳಿಕೆಗಳನ್ನು ತಿರುಗಿಸಬೇಕು, ಎಷ್ಟು ಖಾಲಿ ಬಿಟ್ಟರೆ ಆ ವ್ಯಕ್ತಿಯನ್ನು ಕೈಬಿಡಬೇಕು ಅನ್ನುವುದನ್ನು ಡೇಟಾ ಬರುವ ಮೊದಲೇ ಬರೆದಿಡಿ. ಹತ್ತರಲ್ಲಿ ಕನಿಷ್ಠ ಎಂಟಕ್ಕೆ ಉತ್ತರ ಇದ್ದರೆ ಸರಾಸರಿ ತೆಗೆಯುತ್ತೇನೆ ಅಂತಲೋ ಏನೋ. ಬಂದ ಮೇಲೆ ನಿರ್ಧರಿಸಿದರೆ, ಬೇಕಾದ ಫಲಿತಾಂಶದ ಕಡೆಗೆ ಕೈ ತಾನಾಗಿ ವಾಲುತ್ತದೆ.

ಕೊನೆಗೆ ಉತ್ತರ ಕೊಡದವರು. ಅರ್ಧದಷ್ಟು ಜನ ಉತ್ತರಿಸುತ್ತಾರೆ ಅಂತ ಅಂದಾಜಿದ್ದರೆ 100 ಜನರಿಗಾಗಿ 200 ಜನರನ್ನು ಕೇಳಬೇಕು. ಸಂಜೆಯವರು ಇರುವುದೇ 240. ಆಗ ಆಯ್ಕೆ ಬಿಟ್ಟು ಎಲ್ಲರನ್ನೂ ಕೇಳುವುದೇ ಸರಿ. ಇದರಲ್ಲೂ ಒಂದು ತೊಡಕಿದೆ. ತುಂಬಾ ದಣಿದವರು ಪ್ರಶ್ನಾವಳಿ ತೆರೆಯುವುದೇ ಇಲ್ಲ. ಸಂಜೆಯವರಲ್ಲಿ ಅಂಥವರು ಹೆಚ್ಚಿದ್ದರೆ ವ್ಯತ್ಯಾಸ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಸ್ಯಾಂಪಲ್ ದೊಡ್ಡದು ಮಾಡಿದರೂ ಅದು ಸರಿಹೋಗುವುದಿಲ್ಲ. ಉತ್ತರಿಸಿದವರ ವಯಸ್ಸು, ವಿಭಾಗವನ್ನು ಇಡೀ ಪಟ್ಟಿಯ ಜೊತೆ ಹೋಲಿಸಿ. ಎರಡನೇ ಜ್ಞಾಪನೆ ಹೋದ ಮೇಲೆ ಬಂದವರ ಅಂಕ ಮೊದಲೇ ಬಂದವರಿಗಿಂತ ಮೇಲಿದೆಯಾ ನೋಡಿ. ಮೇಲಿದ್ದರೆ, ಬಾರದವರ ಅಂಕ ಇನ್ನೂ ಮೇಲಿರಬಹುದು ಅನ್ನುವ ಸುಳಿವು ಅದು.

ಸಂಜೆಯಿಂದ 100 ಬರದೇ 70 ಮಾತ್ರ ಬಂದರೆ ಏನು ಮಾಡುತ್ತೀರಿ ಅಂತಲೂ ಪ್ರಪೋಸಲ್‌ನಲ್ಲೇ ಹೇಳಿ. ಹಗಲಿನವರನ್ನು 170ಕ್ಕೆ ಏರಿಸಿದರೆ ಹೆಚ್ಚುಕಡಿಮೆ ಮೊದಲಿನ ಬಲ ವಾಪಸ್ ಬರುತ್ತದೆ. 60 ಬಂದರೆ ಹಗಲಿನವರು 300 ಬೇಕು. 50 ಬಂದರೆ, 960 ಜನ ಹಗಲಿನವರೆಲ್ಲ ಬಂದು ಉತ್ತರಿಸಿದರೂ ಲೆಕ್ಕ ಕೂಡುವುದಿಲ್ಲ. ಆಗ ಸಣ್ಣ ವ್ಯತ್ಯಾಸದ ಆಸೆ ಬಿಟ್ಟು, ಎಷ್ಟು ದೊಡ್ಡ ವ್ಯತ್ಯಾಸವನ್ನು ಈ ಸ್ಯಾಂಪಲ್ ಹಿಡಿಯಬಲ್ಲದು ಅನ್ನುವುದನ್ನು ಬರೆಯಬೇಕಾಗುತ್ತದೆ.